ಬರಲಿದ್ದವರನ್ನೇ ಕರೆದ ಜಾಹೀರಾತು

ರಿಟಾರ್ಗೆಟಿಂಗ್ ಜಾಹೀರಾತಿನ ತಿಂಗಳ ವರದಿ ಹೆಚ್ಚಾಗಿ ಕಣ್ಣಿಗೆ ಹಬ್ಬದಂತೆಯೇ ಇರುತ್ತದೆ. ಒಂದು ಲಕ್ಷ ಖರ್ಚು, ಎಂಟು ಲಕ್ಷದ ಮಾರಾಟ. ಉಳಿದ ಯಾವ ಜಾಹೀರಾತೂ ಅದರ ಹತ್ತಿರಕ್ಕೆ ಬರುವುದಿಲ್ಲ. ಅಂಗಡಿಯವರು ಮುಂದಿನ ತಿಂಗಳ ಹಣವನ್ನೂ ಅಲ್ಲಿಗೇ ಸುರಿಯುತ್ತಾರೆ. ಆದರೆ ಆ ಎಂಟು ಲಕ್ಷದಲ್ಲಿ ಜಾಹೀರಾತು ತಂದದ್ದು ಎಷ್ಟು, ಅದಿಲ್ಲದಿದ್ದರೂ ಬರುತ್ತಿದ್ದದ್ದು ಎಷ್ಟು ಎಂಬುದನ್ನು ವರದಿ ಹೇಳುವುದಿಲ್ಲ.

ಕಾರಣ ಈ ಜಾಹೀರಾತು ನಡೆಯುವ ರೀತಿಯಲ್ಲೇ ಇದೆ. ನೀವು ಒಂದು ವೆಬ್‌ಸೈಟಿನಲ್ಲಿ ಸೀರೆ ನೋಡಿ, ಕೊಳ್ಳದೆ ಹೊರಬಂದಿರಿ ಎನ್ನೋಣ. ಆ ಪುಟದಲ್ಲಿದ್ದ ಪಿಕ್ಸೆಲ್ ಎಂಬ ಸಣ್ಣ ಕೋಡ್ ನೀವು ಬಂದುಹೋದದ್ದನ್ನು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಸುದ್ದಿ ಓದುವಾಗಲೂ ಇನ್‌ಸ್ಟಾಗ್ರಾಮ್ ನೋಡುವಾಗಲೂ ಅದೇ ಸೀರೆ ಎದುರಾಗುತ್ತದೆ. ನೀವು ಕೊನೆಗೆ ಕೊಂಡರೆ ಆ ಮಾರಾಟ ಜಾಹೀರಾತಿನ ಖಾತೆಗೆ ಹೋಗುತ್ತದೆ. ಮೆಟಾ ಸಂಸ್ಥೆಯ ವೇದಿಕೆಯಲ್ಲಿ ಸಾಮಾನ್ಯವಾಗಿರುವ ಒಂದು ಲೆಕ್ಕದಂತೆ, ಜಾಹೀರಾತನ್ನು ಒತ್ತಿದ 7 ದಿನದೊಳಗೆ, ಅಥವಾ ಬರೀ ಕಣ್ಣಿಗೆ ಬಿದ್ದ 1 ದಿನದೊಳಗೆ ಕೊಂಡರೂ ಸಾಕು. ಸಂಜೆ ಸಂಬಳ ಬಂದ ಮೇಲೆ ಕೊಳ್ಳೋಣ ಎಂದು ಬೆಳಿಗ್ಗೆಯೇ ತೀರ್ಮಾನಿಸಿದ್ದವರ ಮಾರಾಟವೂ ಹೀಗೆ ಜಾಹೀರಾತಿನ ಹೆಸರಿಗೆ ಬರೆದುಹೋಗುತ್ತದೆ. ವೇದಿಕೆಯ ಯಂತ್ರವೂ ಇದನ್ನು ಕಲಿತುಕೊಳ್ಳುತ್ತದೆ: ಕೊಳ್ಳುವ ಸಾಧ್ಯತೆ ಹೆಚ್ಚಿರುವವರಿಗೆ ತೋರಿಸಿದಷ್ಟೂ ವರದಿ ಚೆನ್ನಾಗಿ ಕಾಣುತ್ತದೆ. ಅಂಥವರಲ್ಲಿ ಮೊದಲಿಗರು ಯಾರು? ನಿಮ್ಮ ಹಳೆಯ ಗಿರಾಕಿಗಳೇ.

ಹಾಗಾಗಿ ವರದಿಯ ಆರ್ಡರುಗಳನ್ನು ಹೊಸಬರು, ಹಳಬರು ಎಂದು ಎರಡು ಪಾಲು ಮಾಡುವುದು ಮೊದಲ ಕೆಲಸ. ಇದನ್ನು ವೇದಿಕೆಯ ಮಾತು ನಂಬಿ ಮಾಡಬಾರದು, ಅಂಗಡಿಯ ಸ್ವಂತ ಪುಸ್ತಕದಿಂದ ಮಾಡಬೇಕು. ಆಪಲ್‌ನ ಸಫಾರಿ ಬ್ರೌಸರ್ ಹಲವು ಕುಕಿಗಳನ್ನು ಏಳೇ ದಿನಕ್ಕೆ ಅಳಿಸುತ್ತದೆ. ಹತ್ತು ವರ್ಷದ ಗಿರಾಕಿಯೂ ಆಗ ಹೊಸಬರಂತೆ ಕಾಣುತ್ತಾರೆ. ನಮ್ಮಲ್ಲಿ ಫೋನ್ ನಂಬರೇ ಒಳ್ಳೆಯ ಗುರುತು, ಏಕೆಂದರೆ ಮನೆಗೆ ಬಂದಾಗ ಹಣ ಕೊಡುವವರೂ ಅದನ್ನು ಕೊಟ್ಟೇ ಕೊಡುತ್ತಾರೆ. ಒಂದೆಡೆ +91 ಸೇರಿಸಿ, ಇನ್ನೊಂದೆಡೆ ಸೇರಿಸದೆ ಬರೆದಿದ್ದರೆ ಮೊದಲು ಅದನ್ನು ಒಂದೇ ರೂಪಕ್ಕೆ ತರಬೇಕು.

ಈ ಹಂಚಿಕೆಯಿಂದ ಸಿಗುವುದು ಸುಳಿವು ಮಾತ್ರ. ಹೊಸಬರ ಮಾರಾಟವೆಲ್ಲ ಜಾಹೀರಾತು ಹುಟ್ಟಿಸಿದ ಬೇಡಿಕೆಯಲ್ಲ. ಸೀರೆಯನ್ನು ಕಾರ್ಟಿಗೆ ಹಾಕಿಟ್ಟ ಹೊಸಬರು ತಾವಾಗಿಯೇ ಮರಳಿ ಬರುವವರಿರಬಹುದು. ಹಳಬರೆಲ್ಲರೂ ತಾವಾಗಿಯೇ ಬರುತ್ತಾರೆ ಎಂದೂ ಅಲ್ಲ, ಎರಡು ವರ್ಷದಿಂದ ಇತ್ತ ತಲೆಹಾಕದವರಿಗೆ ನೆನಪಿಸುವವರು ಬೇಕಾಗಬಹುದು. ಇದನ್ನು ತೀರ್ಮಾನಿಸಲು ಇರುವ ನಂಬಿಕೆಯ ದಾರಿಯೆಂದರೆ, ವೆಬ್‌ಸೈಟಿಗೆ ಬಂದುಹೋದವರಲ್ಲಿ ಒಂದು ಪಾಲನ್ನು ಚೀಟಿ ಎತ್ತಿದಂತೆ ಆಯ್ದು ಅವರಿಗೆ ಜಾಹೀರಾತು ತೋರಿಸದೆ ಬಿಡುವುದು. ಈ ಕ್ಷೇತ್ರದವರು ಇದನ್ನು ಹೋಲ್ಡ್‌ಔಟ್ ಎನ್ನುತ್ತಾರೆ.

ಇಳಕಲ್ ಸೀರೆಯನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿಯೊಂದನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 50,000 ಜನ ನೋಡಿಹೋಗುತ್ತಾರೆ, ಅವರಲ್ಲಿ 10,000 ಜನ ಹಿಂದೆ ಕೊಂಡವರು. ಸೀರೆಗೆ 2,000 ರೂಪಾಯಿ, ಎಲ್ಲ ಕಳೆದು ಕೈಗೆ ಉಳಿಯುವುದು 600. ಜಾಹೀರಾತಿನ ಖರ್ಚು ಒಂದು ಲಕ್ಷ. ವರದಿ ತನ್ನದೆಂದು ಹೇಳಿಕೊಳ್ಳುವ ಆರ್ಡರು 400, ಅದರಲ್ಲಿ 280 ಹಳಬರದ್ದು.

ಈಗ ಎರಡೂ ಗುಂಪಿನಿಂದ ಐದರಲ್ಲಿ ಒಂದು ಪಾಲನ್ನು ಜಾಹೀರಾತಿನಿಂದ ಹೊರಗಿಟ್ಟೆವು. ಜಾಹೀರಾತಿಗೆ ಒಳಪಟ್ಟ 8,000 ಹಳಬರಲ್ಲಿ 320 ಜನ ಕೊಂಡರು, ಅಂದರೆ ನೂರಕ್ಕೆ 4. ಹೊರಗಿಟ್ಟ 2,000 ಹಳಬರಲ್ಲಿ 78 ಜನ, ನೂರಕ್ಕೆ 3.9. ವ್ಯತ್ಯಾಸ ನೂರಕ್ಕೆ 0.1. 8,000 ಜನರಿಗೆ ಲೆಕ್ಕ ಹಾಕಿದರೆ ಜಾಹೀರಾತು ಹೆಚ್ಚಿಗೆ ತಂದದ್ದು 8 ಆರ್ಡರು. ವರದಿ ಹೇಳಿದ್ದು 280!

ಹೊಸಬರ ಕಡೆ, ಜಾಹೀರಾತಿಗೆ ಒಳಪಟ್ಟ 32,000 ಜನರಲ್ಲಿ 256 ಜನ ಕೊಂಡರು, ನೂರಕ್ಕೆ 0.8. ಹೊರಗಿಟ್ಟ 8,000 ಜನರಲ್ಲಿ 48, ನೂರಕ್ಕೆ 0.6. ಇಲ್ಲಿ ಹೆಚ್ಚುವರಿ ಆರ್ಡರು 64. ವರದಿಯಲ್ಲಿ ಹೊಸಬರ ಪಾಲು ಬರೀ 120 ಇದ್ದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಾದ ಸಂಪಾದನೆ.

ಒಟ್ಟು 72 ಹೆಚ್ಚುವರಿ ಆರ್ಡರಿನಿಂದ ಉಳಿದದ್ದು 43,200 ರೂಪಾಯಿ, ಖರ್ಚಾದದ್ದು ಒಂದು ಲಕ್ಷ. ಎಂಟು ಪಟ್ಟು ಆದಾಯವೆಂದು ಕಂಡ ಕ್ಯಾಂಪೇನ್ ನಷ್ಟದಲ್ಲಿದೆ. ಆ ಒಂದು ಲಕ್ಷದಲ್ಲಿ 60,000 ಹಳಬರ ಹಿಂದೆ ಹೋಗಿತ್ತು ಎಂದಿಟ್ಟುಕೊಳ್ಳಿ. ಆಗ ಹಳಬರ ಒಂದು ಹೆಚ್ಚುವರಿ ಆರ್ಡರಿಗೆ ಬಿದ್ದ ಖರ್ಚು 7,500 ರೂಪಾಯಿ, ಹೊಸಬರದ್ದಕ್ಕೆ 625. ಹೊಸಬರು ಮುಂದೆ ಇನ್ನೊಂದು ಸೀರೆ ಕೊಂಡರೂ ಆ 625 ಗಿಟ್ಟುತ್ತದೆ.

ಈ ಲೆಕ್ಕದಲ್ಲಿ ಎರಡು ಕಡೆ ಎಡವುವುದುಂಟು. ಜಾಹೀರಾತು ನಿಜವಾಗಿ ನೋಡಿದವರನ್ನಷ್ಟೇ ಒಂದು ಕಡೆ ಇಟ್ಟು, ಹೊರಗಿಟ್ಟ ಎಲ್ಲರನ್ನೂ ಇನ್ನೊಂದು ಕಡೆ ಇಟ್ಟರೆ ಹೋಲಿಕೆ ಕೆಡುತ್ತದೆ. ಇಂಟರ್ನೆಟ್‌ನಲ್ಲಿ ಹೆಚ್ಚು ಹೊತ್ತು ಕಳೆಯುವವರೇ ಹೆಚ್ಚು ಜಾಹೀರಾತು ನೋಡುವವರು, ಅವರು ಕೊಳ್ಳುವುದೂ ಬೇರೆ ರೀತಿ. ಇಡೀ ಗುಂಪಿಗೆ ಇಡೀ ಗುಂಪನ್ನೇ ಹೋಲಿಸಬೇಕು. ಎರಡನೆಯದು ಸಣ್ಣ ಸಂಖ್ಯೆಯ ಆಟ. ಹೊರಗಿಟ್ಟ ಹಳಬರಲ್ಲಿ ಕೊಂಡ 78 ಜನ ಮುಂದಿನ ತಿಂಗಳು 70 ಆಗಬಹುದು, 86 ಆಗಬಹುದು, ಅದು ಬರೀ ಆಕಸ್ಮಿಕ. ಆದ್ದರಿಂದ ಮೇಲಿನ 8 ಆರ್ಡರನ್ನು ಸೊನ್ನೆಯಿಂದ ಬೇರ್ಪಡಿಸಿ ಹೇಳಲಾಗದು. ಹೊಸಬರ 64ಕ್ಕೂ ಒಂದು ತಿಂಗಳ ಸಾಕ್ಷಿ ಸಾಲದು, ಎರಡು ಮೂರು ತಿಂಗಳು ಓಡಿಸಬೇಕು. ದೀಪಾವಳಿಯಂಥ ಹಬ್ಬದ ತಿಂಗಳೊಂದರಿಂದಲೇ ತೀರ್ಮಾನಿಸುವುದಂತೂ ಬೇಡ.

ಹೊಸಬರು ಹಳಬರ ಈ ಅಂತರ ನಾನು ಕಟ್ಟಿದ ಲೆಕ್ಕದಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಈಬೇ ಕಂಪನಿ ತನ್ನ ಸರ್ಚ್ ಜಾಹೀರಾತುಗಳನ್ನು 2012ರಲ್ಲಿ ಹೀಗೇ ಪರೀಕ್ಷೆಗೆ ಒಡ್ಡಿತು. ಅವು ರಿಟಾರ್ಗೆಟಿಂಗ್ ಅಲ್ಲ, ಆದರೆ ಪ್ರಶ್ನೆ ಇದೇ. ಯಾಹೂ ಮತ್ತು ಮೈಕ್ರೋಸಾಫ್ಟ್ ಸರ್ಚ್‌ನಲ್ಲಿ ತನ್ನ ಹೆಸರಿನ ಜಾಹೀರಾತನ್ನು ನಿಲ್ಲಿಸಿದಾಗ, ಅದರಿಂದ ಬರುತ್ತಿದ್ದ ಕ್ಲಿಕ್ಕುಗಳಲ್ಲಿ ನೂರಕ್ಕೆ 99.5ರಷ್ಟು ಜಾಹೀರಾತಲ್ಲದ ಸಾಮಾನ್ಯ ಕೊಂಡಿಗಳ ಮೂಲಕವೇ ಬಂದವು. ಬೇರೆ ಪದಗಳ ಜಾಹೀರಾತನ್ನು ಕೆಲವು ಪ್ರದೇಶಗಳಲ್ಲಿ ಮಾತ್ರ ನಿಲ್ಲಿಸಿ ನೋಡಿದಾಗ ಹೊಸಬರೂ ಅಪರೂಪಕ್ಕೆ ಕೊಳ್ಳುವವರೂ ಜಾಹೀರಾತಿಗೆ ಓಗೊಟ್ಟದ್ದು ಕಂಡಿತು. ಪದೇಪದೇ ಕೊಳ್ಳುವವರ ಮೇಲೆ ಅದರ ಪರಿಣಾಮವಿರಲಿಲ್ಲ, ಆದರೆ ಜಾಹೀರಾತಿನ ಹಣದ ಬಹುಪಾಲು ಹೋಗುತ್ತಿದ್ದದ್ದು ಅವರ ಮೇಲೆಯೇ. ಬ್ಲೇಕ್, ನಾಸ್ಕೋ ಮತ್ತು ಟಡೆಲಿಸ್ ಇದನ್ನು 2015ರಲ್ಲಿ ಪ್ರಕಟಿಸಿದರು.

ಹಾಗೆಂದು ರಿಟಾರ್ಗೆಟಿಂಗ್ ಬರೀ ಮೋಸ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಜಾನ್ಸನ್, ಲೂಯಿಸ್ ಮತ್ತು ನುಬ್ಬೆಮೈಯರ್ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆನ್‌ಲೈನ್ ಅಂಗಡಿಯೊಂದರ ರಿಟಾರ್ಗೆಟಿಂಗ್ ಜಾಹೀರಾತು ವೆಬ್‌ಸೈಟ್ ಭೇಟಿಯನ್ನು ನೂರಕ್ಕೆ 17.2ರಷ್ಟು, ಖರೀದಿಯನ್ನು 10.5ರಷ್ಟು ಹೆಚ್ಚಿಸಿತ್ತು. ಹೊರಗಿಟ್ಟ ಗುಂಪಿನಲ್ಲಿ ಯಾರಿಗೆ ಜಾಹೀರಾತು ಕಾಣಬೇಕಿತ್ತು ಎಂಬುದನ್ನೂ ದಾಖಲಿಸಿಕೊಂಡು ಮಾಡಿದ ಹೋಲಿಕೆ ಅದು. ಈ ಜಾಹೀರಾತಿಗೆ ಬೇಡಿಕೆ ಹುಟ್ಟಿಸುವ ಶಕ್ತಿ ಇದೆ. ಅದನ್ನು ಯಾರ ಮೇಲೆ ಖರ್ಚು ಮಾಡುತ್ತೇವೆ ಎಂಬುದರಲ್ಲಿ ಲಾಭ ನಷ್ಟ ಅಡಗಿದೆ.

ಸಣ್ಣ ಅಂಗಡಿ ನಡೆಸುವವರಲ್ಲಿ ನನ್ನ ವಿನಂತಿ: ನಿಮ್ಮ ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಗೆ ಹಳೆಯ ಗಿರಾಕಿಗಳ ಫೋನ್ ನಂಬರಿನ ಪಟ್ಟಿಯನ್ನು, ಅವರ ಒಪ್ಪಿಗೆ ಇದ್ದಷ್ಟು ಮಟ್ಟಿಗೆ, ಕೊಡಿ. ಹಳಬರಿಗೂ ಹೊಸಬರಿಗೂ ಬೇರೆ ಬೇರೆ ಕ್ಯಾಂಪೇನ್ ಮಾಡಿಸಿ, ಎರಡರಲ್ಲೂ ಐದರಲ್ಲಿ ಒಂದು ಪಾಲನ್ನು ಹೊರಗಿಡಿಸಿ. ಮೂರು ತಿಂಗಳಾದ ಮೇಲೂ ಹಳಬರ ಗುಂಪಿನಲ್ಲಿ ವ್ಯತ್ಯಾಸ ಕಾಣದಿದ್ದರೆ, ಇತ್ತೀಚೆಗೆ ಕೊಂಡವರನ್ನು ಜಾಹೀರಾತಿನಿಂದ ಪೂರ್ತಿ ಬಿಟ್ಟು ಆ ಹಣವನ್ನು ಉಳಿಸಿಕೊಳ್ಳಿ.