ಕಬ್ಬಿಣದ ಚಪ್ಪರ, ಬೆಳಕಿನ ಮಳೆ

ಮದುವೆ ಮನೆಯಂಗಳದ ತೆಂಗಿನ ಗರಿಯ ಚಪ್ಪರದಡಿ ನಡುಮಧ್ಯಾಹ್ನ ಕುಳಿತವರಿಗೆ ನೆಲದ ಮೇಲೆ ಅಲುಗುವ ಬಿಸಿಲಿನ ಚುಕ್ಕಿಗಳು ಗೊತ್ತು. ದುಬೈನಿಂದ ಒಂದೂವರೆ ಗಂಟೆ ಕಾರಿನಲ್ಲಿ ಬಂದು ಅಬುಧಾಬಿಯ ಲೂವ್ರ್ ವಸ್ತುಸಂಗ್ರಹಾಲಯದ ಗುಮ್ಮಟದ ಕೆಳಗೆ ನಿಲ್ಲುವ ಕನ್ನಡಿಗರಿಗೆ ಮೊದಲು ನೆನಪಾಗುವುದು ಅದೇ. ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ನುವೆಲ್ ಇದಕ್ಕೆ ಪ್ರೇರಣೆ ಪಡೆದದ್ದೂ ಖರ್ಜೂರದ ಗರಿಗಳಿಂದಲೇ.

ಸಾದಿಯಾತ್ ದ್ವೀಪದಲ್ಲಿ 2017ರ ನವೆಂಬರ್‌ನಲ್ಲಿ ತೆರೆದ ಈ ಕಟ್ಟಡದ ಗುಮ್ಮಟ 180 ಮೀಟರ್ ಅಗಲ. ತೂಕ ಸುಮಾರು 7,500 ಟನ್, ಹೆಚ್ಚುಕಡಿಮೆ ಐಫೆಲ್ ಗೋಪುರದ ಕಬ್ಬಿಣದಷ್ಟು. ಆದರೂ ಅದು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಹೊರುವ ನಾಲ್ಕು ಕಂಬಗಳನ್ನು ಕೆಳಗಿನ ಬಿಳಿ ಕಟ್ಟಡಗಳೊಳಗೇ ಅಡಗಿಸಿದ್ದಾರೆ.

ಇಲ್ಲಿನ ಬೆಳಕಿನ ಲೆಕ್ಕ ಸೂಕ್ಷ್ಮವಾದದ್ದು. ಗುಮ್ಮಟಕ್ಕೆ ಎಂಟು ಪದರ: ಮೇಲೆ ನಾಲ್ಕು ಸ್ಟೀಲಿನವು, ಕೆಳಗೆ ನಾಲ್ಕು ಅಲ್ಯೂಮಿನಿಯಂನವು, ನಡುವೆ ಉಕ್ಕಿನ ಚೌಕಟ್ಟು. ಪದರಗಳಲ್ಲೆಲ್ಲ ನಕ್ಷತ್ರದ ವಿನ್ಯಾಸ ಒಂದೇ, ಆದರೆ ಗಾತ್ರ ಬೇರೆ, ಓರೆ ಬೇರೆ. ಮೇಲಿನ ರಂಧ್ರ ದಾಟಿದ ಕಿರಣವನ್ನು ಮೂರನೆಯದೋ ಐದನೆಯದೋ ಪದರ ತಡೆಯುತ್ತದೆ. ಎಂಟನ್ನೂ ದಾಟಿದ ಕೆಲವೇ ಕಿರಣಗಳು ನೆಲ ಮುಟ್ಟುತ್ತವೆ. ಸೂರ್ಯ ಸ್ವಲ್ಪ ಸರಿದರೆ ಆ ಚುಕ್ಕಿ ಅಳಿದು ಮತ್ತೊಂದು ಕಡೆ ಮೂಡುತ್ತದೆ. ಗೋಡೆಯ ಮೇಲಿನ ಒಂದು ಚುಕ್ಕಿಯನ್ನೇ ಹತ್ತು ನಿಮಿಷ ನೋಡುತ್ತ ನಿಂತರೆ ಈ ಕಟ್ಟಡ ಅರ್ಥವಾಗುತ್ತದೆ. ಇಟಲಿಯ ಶಿಲ್ಪಿ ಜುಸೆಪ್ಪೆ ಪೆನೋನೆಯ ಕಂಚಿನ ಮರವೂ ಇಲ್ಲಿದೆ. ಅದರ ಕೊಂಬೆಗಳಿಗೆ ಕಟ್ಟಿದ ಕನ್ನಡಿಗಳು ಅದೇ ಬೆಳಕನ್ನು ಮೇಲಕ್ಕೆ ಹಿಂದಿರುಗಿಸುತ್ತವೆ.

ಹಳೆಯ ಕಾಗದ, ಬಟ್ಟೆಗಳು ಬೆಳಕಿಗೆ ಬಣ್ಣಗೆಡುತ್ತವೆ. ಹಾಗಾಗಿ ಗ್ಯಾಲರಿಗಳಲ್ಲಿ ಈ ಬೆಳಕಿನ ಮಳೆಗೆ ಪ್ರವೇಶವಿಲ್ಲ. ಗಾಜಿನ ಮಾಡಿನಲ್ಲಿ ಸೋಸಿದ ಹದವಾದ ಬೆಳಕಷ್ಟೇ. ಇತಿಹಾಸದ ಕಾಲಕ್ರಮದಲ್ಲಿ ಕೋಣೆಗಳು ಒಂದರ ಹಿಂದೊಂದು ಬರುತ್ತವೆ. ದಾರಿ ತಪ್ಪುವುದಿಲ್ಲ ನಿಜ. ಆದರೆ ಬುದ್ಧನ ಮೂರ್ತಿಯನ್ನು ಮತ್ತೊಮ್ಮೆ ನೋಡಬೇಕೆನಿಸಿದವರು ಜನರ ಹರಿವಿಗೆ ಎದುರಾಗಿ ನಡೆಯಬೇಕು. ನಡುನಡುವೆ ಸಮುದ್ರ ಕಾಣುವ ಕಿಟಕಿಗಳೇ ದಣಿದ ಕಣ್ಣಿಗೆ ವಿಶ್ರಾಂತಿ. ಅವು ಇನ್ನಷ್ಟು ಬೇಕಿತ್ತು.

ಸಮುದ್ರದೊಂದಿಗೆ ಈ ಕಟ್ಟಡದ ನಂಟು ಗಟ್ಟಿ. ನೀರು ಗೋಡೆಗಳ ನಡುವೆ ನುಗ್ಗಿ ಗುಮ್ಮಟದ ನೆರಳಿಗೇ ಬರುತ್ತದೆ, ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ನೆಲದ ಕಡೆ ಹಾಗಿಲ್ಲ. ಊರಿನಿಂದ ನಡೆದು ಬರುವ ದಾರಿ ಇದಲ್ಲ. ಬಹುತೇಕರು ಕಾರಿನಲ್ಲಿ ಬಂದಿಳಿಯುತ್ತಾರೆ. ಅರಬ್ ಊರಿನ ಇಕ್ಕಟ್ಟು ಓಣಿಗಳನ್ನು ನೆನಪಿಸುವಂತೆ 55 ಕಟ್ಟಡಗಳನ್ನು ಒತ್ತಾಗಿ ಇಟ್ಟಿದ್ದಾರೆ, ಆದರೆ ಆ ಓಣಿಗಳಲ್ಲಿ ಮನೆಯಿಲ್ಲ, ಅಂಗಡಿ ಬೀದಿಯಿಲ್ಲ. 2025ರಲ್ಲಿ ಇದೇ ದ್ವೀಪದಲ್ಲಿ ಝಾಯೆದ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದಿದೆ. ಇವೆರಡರ ನಡುವೆ ಉದ್ದಕ್ಕೂ ನೆರಳಿನ ಕಾಲುದಾರಿ ಇದ್ದರೆ ಗುಮ್ಮಟದ ತಂಪು ಹೊರಗೂ ಹರಿದೀತು.

ಹೋಗುವವರು ಬಿಸಿಲಿರುವಾಗಲೇ ಗುಮ್ಮಟದಡಿ ಒಂದು ಗಂಟೆ ಕುಳಿತುಕೊಳ್ಳಿ. ಸೋಮವಾರ ರಜೆ.