ಸಕ್ಸಿನೇಟ್ ಎಫ್‌ಎಡಿಯನ್ನೇ ಏಕೆ ಹುಡುಕುತ್ತದೆ?

ಕ್ರೆಬ್ಸ್ ಚಕ್ರದಲ್ಲಿ ಆಹಾರದಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಹೆಚ್ಚಿನ ಹಂತಗಳಲ್ಲಿ ಎನ್‌ಎಡಿಯ ಪಾಲಾಗುತ್ತವೆ. ಸಕ್ಸಿನೇಟ್ ಫ್ಯೂಮರೇಟ್ ಆಗುವ ಹಂತದಲ್ಲಿ ಮಾತ್ರ ಅವು ಎಫ್‌ಎಡಿಗೆ ಹೋಗುತ್ತವೆ. ಪಠ್ಯಪುಸ್ತಕಗಳು ಇದನ್ನು ಬಾಯಿಪಾಠ ಮಾಡಿಸುತ್ತವೆ, ಕಾರಣ ಹೇಳುವುದು ಅಪರೂಪ.

ಕಾರಣ ಇರುವುದು ಅಪಕರ್ಷಣ ವಿಭವದಲ್ಲಿ. ಒಂದು ವಸ್ತುವಿಗೆ ಎಲೆಕ್ಟ್ರಾನಿನ ಸೆಳೆತ ಎಷ್ಟಿದೆ ಎಂಬುದನ್ನು ವೋಲ್ಟ್‌ಗಳಲ್ಲಿ ಹೇಳುವ ಅಳತೆ ಇದು. ಇಬ್ಬರಲ್ಲಿ ಯಾರ ಸಂಖ್ಯೆ ಹೆಚ್ಚೋ ಎಲೆಕ್ಟ್ರಾನು ಅವರ ಕಡೆಗೆ. ಪಿಎಚ್ 7ರಲ್ಲಿ ಎನ್‌ಎಡಿ ಜೋಡಿಯ ವಿಭವ −0.32 ವೋಲ್ಟ್, ಫ್ಯೂಮರೇಟ್–ಸಕ್ಸಿನೇಟ್ ಜೋಡಿಯದು +0.03, ಸೈಟೋಕ್ರೋಮ್ ಸಿಯದು ಸುಮಾರು +0.25, ಆಮ್ಲಜನಕದ್ದು +0.82.

ಈಗ ಲೆಕ್ಕ ಹಾಕಿ. ಸಕ್ಸಿನೇಟ್ ತನ್ನ ಎಲೆಕ್ಟ್ರಾನನ್ನು ಎನ್‌ಎಡಿಗೆ ಕೊಡಬೇಕಾದರೆ 0.35 ವೋಲ್ಟ್ ಏರು ಹತ್ತಬೇಕು. ಎರಡು ಎಲೆಕ್ಟ್ರಾನುಗಳ ವ್ಯವಹಾರವಾದ್ದರಿಂದ 2 × 96.5 × 0.35, ಅಂದರೆ ಪ್ರತಿ ಮೋಲ್‌ಗೆ ಸುಮಾರು 68 ಕಿಲೋಜೂಲ್ ಕೈಯಿಂದ ಹಾಕಬೇಕು. ವಸ್ತುಗಳ ಪ್ರಮಾಣ ಏರುಪೇರು ಮಾಡಿ ದಿಕ್ಕು ತಿರುಗಿಸಬಹುದಲ್ಲವೇ? ಆಗುತ್ತದೆ, ಆದರೆ ಪ್ರಮಾಣಗಳ ಅನುಪಾತ ಹತ್ತು ಪಟ್ಟು ಬದಲಾದರೆ ಸಿಗುವುದು ಬರೀ 0.03 ವೋಲ್ಟ್. 0.35ಕ್ಕೆ ಲಕ್ಷ ಕೋಟಿ ಪಟ್ಟಿನ ಹತ್ತಿರ ಬೇಕು. ಜೀವಕೋಶಕ್ಕೆ ಅದು ಸಾಧ್ಯವಿಲ್ಲ.

ಹಾಗಾದರೆ ಎಫ್‌ಎಡಿ? ಒಂಟಿಯಾಗಿದ್ದಾಗ ಅದರ ವಿಭವವೂ −0.22, ಸಕ್ಸಿನೇಟ್‌ಗೆ ಅದೂ ದೂರವೇ. ಆದರೆ ಕಿಣ್ವದ ಪ್ರೋಟೀನು ಎಫ್‌ಎಡಿಯನ್ನು ಬಿಗಿಯಾಗಿ ಹಿಡಿದು ಆ ಸಂಖ್ಯೆಯನ್ನು ಸೊನ್ನೆಯ ಆಸುಪಾಸಿಗೆ ಎತ್ತುತ್ತದೆ. ಉಳಿದ ಚಿಕ್ಕ ಏರು ತೊಡಕಲ್ಲ, ಏಕೆಂದರೆ ಮುಂದಿರುವ ಯೂಬಿಕ್ವಿನೋನ್ ಎಲೆಕ್ಟ್ರಾನನ್ನು ಎಳೆದುಕೊಳ್ಳುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಸೊಗಸೆನಿಸುವುದು ಇದೇ: ಪಟ್ಟಿಯ ಸಂಖ್ಯೆಯನ್ನು ಪ್ರೋಟೀನು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ.

ಅಲ್ಲಿಂದ ಮುಂದೆ ಸೈಟೋಕ್ರೋಮ್ ಬಿ, ಸಿ1, ಸಿ, ಎ ಎಂಬ ಸಾಲು. ಈ ಕ್ರಮವನ್ನು ಕಣ್ಣಾರೆ ಪರೀಕ್ಷಿಸಬಹುದು. ಎಲೆಕ್ಟ್ರಾನು ಪಡೆದ ಸೈಟೋಕ್ರೋಮ್ ಬೆಳಕಿನ ವರ್ಣಪಟಲದಲ್ಲಿ ಸ್ಪಷ್ಟ ಪಟ್ಟೆ ಮೂಡಿಸುತ್ತದೆ. ಸೈಟೋಕ್ರೋಮ್ ಸಿಯ ಪಟ್ಟೆ 550 ನ್ಯಾನೊಮೀಟರ್‌ನಲ್ಲಿ. ಡೇವಿಡ್ ಕೀಲಿನ್ 1925ರಲ್ಲಿ ವರದಿ ಮಾಡಿದ್ದು ಇಂಥ ಪಟ್ಟೆಗಳನ್ನೇ. ಮೈಟೊಕಾಂಡ್ರಿಯಾಕ್ಕೆ ಆಂಟಿಮೈಸಿನ್ ಬೆರೆಸಿದರೆ ಬಿಯ ಪಟ್ಟೆ ಗಾಢವಾಗುತ್ತದೆ, ಸಿಯದು ಮಾಸುತ್ತದೆ. ಎಲೆಕ್ಟ್ರಾನು ಬಿಯಲ್ಲಿ ಸಿಕ್ಕಿಬಿದ್ದಿದೆ, ಸಿಯವರೆಗೆ ತಲುಪುತ್ತಿಲ್ಲ ಎಂದರ್ಥ. ಸಯನೈಡ್ ಹಾಕಿದರೆ ಕೊನೆಯ ಬಾಗಿಲೇ ಮುಚ್ಚಿ ಎಲ್ಲ ಪಟ್ಟೆಗಳೂ ಗಾಢವಾಗುತ್ತವೆ.

ವಿಭವ ಹೇಳುವುದು ದಿಕ್ಕನ್ನು ಮಾತ್ರ, ವೇಗವನ್ನಲ್ಲ. ಎನ್‌ಎಡಿಎಚ್ ಮತ್ತು ಆಮ್ಲಜನಕದ ನಡುವೆ 1.14 ವೋಲ್ಟ್ ಅಂತರವಿದ್ದರೂ ನೀರಿನಲ್ಲಿ ಕರಗಿಸಿಟ್ಟ ಎನ್‌ಎಡಿಎಚ್ ಗಾಳಿಗೆ ತಟ್ಟನೆ ಉರಿದುಹೋಗುವುದಿಲ್ಲ, ಕಿಣ್ವಗಳು ಬೇಕು.

ಹೊರಗಿನಿಂದ ಬಲ ಸಿಕ್ಕರೆ ದಿಕ್ಕೂ ತಿರುಗೀತು. ರಕ್ತ ಕಟ್ಟಿಹೋದ ಹೃದಯದಲ್ಲಿ ಸಕ್ಸಿನೇಟ್ ಶೇಖರವಾಗುತ್ತದೆ. ರಕ್ತ ಮರಳಿದೊಡನೆ ಅದು ಭರದಿಂದ ಉತ್ಕರ್ಷಣೆಗೊಂಡು, ಪೊರೆಯ ಆಚೀಚೆ ಪ್ರೋಟಾನುಗಳ ಒತ್ತಡ ಬಲವಾಗಿ ಏರುತ್ತದೆ. ಆ ಒತ್ತಡವೇ ಎಲೆಕ್ಟ್ರಾನುಗಳನ್ನು ಎನ್‌ಎಡಿಯ ಕಡೆಗೆ ಹಿಮ್ಮುಖವಾಗಿ ತಳ್ಳುತ್ತದೆ. ದಾರಿಯಲ್ಲಿ ಕೆಲವು ಸೋರಿ ಆಮ್ಲಜನಕಕ್ಕೆ ಅಂಟಿ ಸೂಪರ್ಆಕ್ಸೈಡ್ ಆಗುತ್ತವೆ. ರಕ್ತ ಮರಳಿದ ಮೇಲೂ ಹೃದಯದ ಸ್ನಾಯುವಿಗೆ ಹಾನಿಯಾಗಲು ಇದೊಂದು ಕಾರಣ.