ಬಸ್ಸಿನಲ್ಲಿ ಮೊದಲ ಎರಡು ನಿಮಿಷ

ಪ್ರವಾಸಿಗರನ್ನು ಕರೆದೊಯ್ಯುವ ಮಾರ್ಗದರ್ಶಕನಿಗೆ ಇತಿಹಾಸ ತಿಳಿದಿದ್ದರೆ ಸಾಕೆಂದು ಅನೇಕರು ಭಾವಿಸುವುದುಂಟು. ಆದರೆ ಬಸ್ಸು ಹೊರಡುತ್ತಲೇ ಅವನು ಆಡುವ ನಾಲ್ಕು ಮಾತುಗಳು ಇತಿಹಾಸಜ್ಞಾನಕ್ಕಿಂತ ಬೇರೆಯಾದ ಒಂದು ವಿದ್ಯೆ. ಕಾಸರಗೋಡಿನಿಂದ ಬೇಕಲ ಕೋಟೆಗೆ ಹೊರಟ ಒಂದು ಬಸ್ಸನ್ನೇ ಉದಾಹರಣೆಯಾಗಿಟ್ಟುಕೊಂಡು ಅದನ್ನು ವಿವರಿಸೋಣ. ದಾರಿ ಸುಮಾರು 16 ಕಿಲೋಮೀಟರು. ಒಳಗೆ 45 ಜನರಿರುವರೆಂದು ಇಟ್ಟುಕೊಳ್ಳೋಣ.

ಮಾತಿಗೆ ಮೊದಲು ಎಣಿಕೆ. ಮಾರ್ಗದರ್ಶಕನು ಸಾಲುಗಳ ನಡುವೆ ಹಿಂದಿನವರೆಗೆ ನಡೆದು, ಬಾಯಿ ತೆರೆಯದೆ ತಲೆಗಳನ್ನು ಎಣಿಸಬೇಕು. "ಎಲ್ಲರೂ ಬಂದಿರಾ?" ಎಂದು ಕೂಗಿ ಕೇಳುವುದರಿಂದ ಪ್ರಯೋಜನವಿಲ್ಲ, ಬಾರದವನು ಉತ್ತರಿಸಲಾರನಷ್ಟೆ! ಎಣಿಕೆ ಸರಿಯಾದ ಮೇಲೂ ಒಡನೆ ಆರಂಭಿಸಲಾಗದು. ಚೀಲಗಳನ್ನು ಮೇಲಿಡುವ, ಕಿಟಕಿಯ ಪಕ್ಕದ ಜಾಗಕ್ಕಾಗಿ ಮಕ್ಕಳು ವಾದಿಸುವ ಗದ್ದಲದಲ್ಲಿ ಎಂತಹ ಸ್ವಾಗತವೂ ಕಳೆದುಹೋಗುವುದು. ಬಸ್ಸು ನಿಲ್ದಾಣವನ್ನು ಬಿಟ್ಟು ನೇರ ದಾರಿಗೆ ಬಂದು, ಜನರು ಒರಗಿ ಕುಳಿತ ಕ್ಷಣವೇ ತಕ್ಕ ಸಮಯ.

ಆಗ ಅವನು ಚಾಲಕನ ಬಳಿ, ಜನರಿಗೆ ಮುಖಮಾಡಿ, ಒಂದು ಕೈಯಿಂದ ಕಂಬಿಯನ್ನು ಭದ್ರವಾಗಿ ಹಿಡಿದು ನಿಲ್ಲುತ್ತಾನೆ. ಮೈಕು ತುಟಿಯಿಂದ ನಾಲ್ಕು ಬೆರಳಿನಷ್ಟು ದೂರವಿರಲಿ, ತುಸು ಓರೆಯಾಗಿರಲಿ. ನೇರವಾಗಿ ತುಟಿಗೊತ್ತಿದರೆ ಪ, ಬ ಅಕ್ಷರಗಳ ಉಸಿರು ತಾಗಿ ಗುಡುಗಿದಂತಾಗುತ್ತದೆ. ಧ್ವನಿವರ್ಧಕದ ಪೆಟ್ಟಿಗೆಯ ಹತ್ತಿರ ಮೈಕನ್ನು ಕೊಂಡೊಯ್ದರೆ ಕಿವಿ ಕೊರೆಯುವ ಕಿರುಚು ಹೊರಡುವುದು. ಪೆಟ್ಟಿಗೆಯಿಂದ ಹೊರಟ ಸದ್ದನ್ನೇ ಮೈಕು ಮತ್ತೆ ಹಿಡಿದು ಮರಳಿ ಅದಕ್ಕೇ ಕಳುಹಿಸುವುದು ಇದಕ್ಕೆ ಕಾರಣ. ಒಂದು ಹೆಜ್ಜೆ ಸರಿದರೆ ಸದ್ದು ಅಡಗುತ್ತದೆ.

ಇನ್ನು ಮಾತು. ಅದು ಹೀಗಿರಬಹುದು:

"ಎಲ್ಲರಿಗೂ ನಮಸ್ಕಾರ. ಕಟ್ಟಕಡೆಯ ಸಾಲಿನವರೇ, ನನ್ನ ಮಾತು ಕೇಳಿಸಿದರೆ ಕೈಯೆತ್ತಿರಿ. ಸಂತೋಷ! ನಾನು ಈ ದಿನ ನಿಮ್ಮ ಜೊತೆಗಾರ. ಬಸ್ಸನ್ನು ನಡೆಸುತ್ತಿರುವವರು ನಮ್ಮ ಚಾಲಕರು. ಅವರ ಬಳಿ ಮಾತಾಡಲು ಬಸ್ಸು ನಿಲ್ಲುವವರೆಗೆ ಕಾಯೋಣ. ಇನ್ನು ಸ್ವಲ್ಪದರಲ್ಲಿ ಚಂದ್ರಗಿರಿ ಹೊಳೆಯನ್ನು ದಾಟುವೆವು. ಹಿಂದಿನವರು ತುಳುನಾಡಿನ ತೆಂಕಣ ಗಡಿಯೆಂದು ಎಣಿಸಿದ್ದು ಇದನ್ನೇ. ಕೋಟೆಯಿಂದ ಮರಳಿ ಹೊರಡುವುದು 11:30ಕ್ಕೆ. ಮತ್ತೊಮ್ಮೆ ಹೇಳುತ್ತೇನೆ, 11:30. ಕೊನೆಗೊಂದು ಒಗಟು: ಕೋಟೆಯ ಗೋಡೆಯಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಮೂರು ಬಗೆಯ ಕಿಂಡಿಗಳಿವೆ. ಒಂದೇ ಬಗೆ ಏಕೆ ಸಾಲಲಿಲ್ಲ? ಅಲ್ಲಿ ತಲಪುವುದರೊಳಗೆ ಯೋಚಿಸಿರಿ."

ಇಷ್ಟನ್ನು ನಿಧಾನವಾಗಿ ಹೇಳಿದರೂ ಎರಡು ನಿಮಿಷ ಮೀರದು. ಕೈಯೆತ್ತಲು ಹೇಳಿದ್ದು ಬರಿಯ ವಿನೋದಕ್ಕಲ್ಲ. ಹಿಂದಿನ ಸಾಲಿಗೆ ಸದ್ದು ಮುಟ್ಟಿತೇ ಎಂಬುದು ಅದರಿಂದಲೇ ತಿಳಿಯುತ್ತದೆ, ಜನರೂ ಎಚ್ಚೆತ್ತು ಕೂಡುತ್ತಾರೆ. "ಎರಡು ಗಂಟೆ ಕಾಲಾವಕಾಶ" ಎಂದರೆ ಒಬ್ಬೊಬ್ಬರು ಒಂದೊಂದು ಕ್ಷಣದಿಂದ ಲೆಕ್ಕ ಹಾಕುವರು. ಆದುದರಿಂದ ಗಡಿಯಾರದ ಹೊತ್ತನ್ನೇ ಹೇಳಿ, ಎರಡು ಸಲ ಹೇಳಬೇಕು.

ಹೊಸಬರು ಎಡವುವುದು ಎಡಬಲಗಳಲ್ಲಿ. ತೆಂಕಕ್ಕೆ ಸಾಗುವ ಈ ಬಸ್ಸಿನಲ್ಲಿ ಕುಳಿತವರಿಗೆ ಕಡಲು ಬಲಕ್ಕೆ. ಅವರತ್ತ ಮುಖಮಾಡಿ ನಿಂತವನಿಗೆ ಅದು ಎಡಕ್ಕೆ. ಅವನು ತನ್ನ ಎಡವನ್ನು ಹೇಳಿದರೆ 45 ತಲೆಗಳೂ ಗುಡ್ಡದ ಕಡೆಗೆ ತಿರುಗುವುವು. "ಕಡಲಿನ ಕಡೆ" ಎಂದು ಕೈತೋರುವುದೇ ಸುಲಭ.

ಅದಕ್ಕಿಂತ ದೊಡ್ಡ ತಪ್ಪು ಎಲ್ಲವನ್ನೂ ಮೊದಲೇ ಸುರಿಯುವುದು. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದ್ದು, ಮುಂದೆ ಹೈದರ್, ಟಿಪ್ಪು ಇವರ ವಶವಾದದ್ದು, ಇವೆಲ್ಲ ಕೋಟೆಯ ಕಲ್ಲನ್ನು ಮುಟ್ಟಿ ನಿಂತಾಗ ಹೇಳತಕ್ಕ ಸಂಗತಿಗಳು. ಬಸ್ಸಿನಲ್ಲಿ ಕೇಳಿದ ಇಸವಿಗಳು ಇಳಿಯುವಾಗ ಯಾರ ನೆನಪಿನಲ್ಲೂ ಉಳಿಯವು. ಮಾತು ಹೆಚ್ಚಾಯಿತೆಂಬುದಕ್ಕೆ ಗುರುತೂ ಉಂಟು: ಮೊದಲು ಹಿಂದಿನ ಸಾಲಿನಲ್ಲಿ ಪಿಸುಮಾತು, ಬಳಿಕ ತಿಂಡಿಯ ಪೊಟ್ಟಣಗಳ ಸರಸರ ಸದ್ದು. ಆಗ ವಾಕ್ಯವನ್ನು ಮುಗಿಸಿ ಮೈಕನ್ನು ಆರಿಸುವುದೇ ಜಾಣತನ.

ನಮ್ಮ ಗಡಿನಾಡಿನ ಬಸ್ಸಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಇರುತ್ತವೆ. ಸಾಲಿಗೊಂದು ಭಾಷೆ ಬದಲಿಸುತ್ತ ಹೋದರೆ ಯಾರಿಗೂ ತೃಪ್ತಿಯಿಲ್ಲ. ಒಂದು ಭಾಷೆಯಲ್ಲಿ ಪೂರ್ತಿ ಹೇಳಿ, ಅನಂತರ ಇನ್ನೊಂದರಲ್ಲಿ ಇನ್ನೂ ಚಿಕ್ಕದಾಗಿ ಹೇಳುವುದು ಮೇಲು. ಹೊರಡುವ ಹೊತ್ತನ್ನು ಮಾತ್ರ ಮೂರರಲ್ಲೂ ಬಿಡದೆ ಹೇಳಬೇಕು. ಯಾರ ಉಚ್ಚಾರವನ್ನೂ ಅಣಕಿಸಿ ನಗಿಸಲಾಗದು. ಆ ನಗೆಯಲ್ಲಿ ಪಾಲುಗೊಳ್ಳದ ಒಬ್ಬನು ದಿನವಿಡೀ ಮುನಿದಿರುವನು.

ಒಗಟಿನ ಉತ್ತರವನ್ನು ಬಸ್ಸಿನಲ್ಲಿ ಯಾರಾದರೂ ಕೂಗಿದರೂ ಮಾರ್ಗದರ್ಶಕನು ಹೌದೆನ್ನನು, ಅಲ್ಲವೆನ್ನನು. ಗೋಡೆಯ ಬಳಿಗೆ ಹೋದಾಗ ಮಕ್ಕಳನ್ನೇ ಕಿಂಡಿಗಳಿಗೆ ಕಣ್ಣಿಡಲು ಬಿಡುತ್ತಾನೆ: ಮೇಲಿನದು ದೂರದ ವೈರಿಗೆ, ನಡುವಿನದು ಸಮೀಪಿಸಿದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ ಗುರಿಯಿಡಲೆಂದು ಕೊರೆದವು.